ಕಂಪನಿ ಹೆಸರಿನ ಕಾರು: ಕ್ಲೇಮ್ ಯಾರದ್ದು, ಓಡಿಸುವವನಿಗೆ ಅಪಘಾತ ವಿಮೆ ಎಲ್ಲಿದೆ?

"ಆಫೀಸಿಂದ ನನಗೆ ಕಾರು ಕೊಟ್ಟಿದ್ದಾರೆ. ಆರ್‌ಸಿ, ಇನ್ಶೂರೆನ್ಸ್ ಎರಡೂ ಕಂಪನಿ ಹೆಸರಲ್ಲಿವೆ. ಓಡಿಸೋದು ನಾನೇ, ಮನೆಯವರೂ ಕೂರ್ತಾರೆ. ಪಾಲಿಸಿಯಲ್ಲಿ ಓನರ್-ಡ್ರೈವರ್ ಪಿಎ ಅನ್ನೋ ಕಡೆ ಸೊನ್ನೆ ಇದೆ. ಇದು ತಪ್ಪಾ? ಏನಾದ್ರೂ ಆದ್ರೆ ಕ್ಲೇಮ್ ಮಾಡೋದು ನಾನಾ, ಕಂಪನಿನಾ?"

ಸೊನ್ನೆ ಇರುವುದೇ ಸರಿ. ಓನರ್-ಡ್ರೈವರ್ ಪಿಎ, ಅಂದರೆ ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ, ಸಿಗಬೇಕಾದರೆ ಆರ್‌ಸಿಯಲ್ಲಿ ಹೆಸರಿರುವ ಮಾಲೀಕ ತಾನೇ ಲೈಸೆನ್ಸ್ ಇರುವ ಚಾಲಕನೂ ಆಗಿರಬೇಕು. ಕಂಪನಿಗೆ ಲೈಸೆನ್ಸ್ ಇರಲು ಸಾಧ್ಯವಿಲ್ಲ. ಹಾಗಾಗಿ ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಯ ಹೆಸರಿನ ವಾಹನಕ್ಕೆ ಈ ಕವರ್ ಕೊಡುವಂತೆಯೇ ಇಲ್ಲ ಎಂದು ವಾಹನ ವಿಮೆಯ ನಿಯಮಪುಸ್ತಕವಾದ ಮೋಟಾರ್ ಟ್ಯಾರಿಫ್‌ನಲ್ಲೇ ಬರೆದಿದೆ. ನಿಮ್ಮ ಪಾಲಿಸಿಯಲ್ಲಿ ಅದಕ್ಕೆ ಪ್ರೀಮಿಯಂ ಹಿಡಿದಿದ್ದರೆ ಆಗ ಚಿಂತೆ ಮಾಡಬೇಕಿತ್ತು. ಏಜೆಂಟರು ಅಭ್ಯಾಸಬಲದಿಂದ ಹಾಗೆ ಹಾಕುವುದುಂಟು. ನಾಮಿನಿ ಹೆಸರು ಸಮೇತ ಮುದ್ರಣವಾಗಿರುತ್ತದೆ, ಕ್ಲೇಮ್ ಬಂದಾಗ ಮಾತ್ರ 'ನೀವು ಮಾಲೀಕರಲ್ಲ' ಎಂಬ ಪತ್ರ ಕೈಗೆ ಬರುತ್ತದೆ. ಅಂಥದ್ದು ಕಂಡರೆ ಈಗಲೇ ಎಂಡಾರ್ಸ್‌ಮೆಂಟ್ ಮಾಡಿಸಿ ಆ ಹಣ ವಾಪಸ್ ಪಡೆಯಲು ಕಂಪನಿಗೆ ಹೇಳಿ.

ನಿಮ್ಮ ಸ್ವಂತ ಸ್ಕೂಟರ್‌ಗೋ ಇನ್ನೊಂದು ಕಾರಿಗೋ 15 ಲಕ್ಷದ ಕಡ್ಡಾಯ ಪಿಎ ಇದ್ದರೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದು ನಿಮ್ಮದೇ ಹೆಸರಿನಲ್ಲಿರುವ ವಾಹನ ಓಡಿಸುವಾಗ ಮಾತ್ರ.

ಕಾರಿನ ಡ್ಯಾಮೇಜ್ ಕ್ಲೇಮ್ ಪೂರ್ತಿ ಕಂಪನಿಯದು. ನೀವು ಆ ಫಾರ್ಮ್‌ನಲ್ಲಿ 'ಚಾಲಕ' ಮಾತ್ರ: ನಿಮ್ಮ ಲೈಸೆನ್ಸ್, ಅಪಘಾತ ಹೇಗಾಯಿತೆಂಬ ನಿಮ್ಮ ಹೇಳಿಕೆ ಬೇಕು. ಸಹಿ ಮತ್ತು ಸೀಲು ಕಂಪನಿಯ ಅಧಿಕೃತ ಸಹಿದಾರರದ್ದು. ಹಣ ಹೋಗುವುದು ಗ್ಯಾರೇಜಿಗೆ ಅಥವಾ ಕಂಪನಿ ಖಾತೆಗೆ. ನೀವೇ ಕೈಯಿಂದ ರಿಪೇರಿ ಮಾಡಿಸಿ ಬಿಲ್ ನಿಮ್ಮ ಹೆಸರಲ್ಲಿ ಪಡೆದರೆ ಅದನ್ನು ಬಿಡಿಸಿಕೊಳ್ಳುವುದು ತಲೆನೋವು. ಇನ್ನೊಂದು ಕಡೆ ದುಡ್ಡು ಸಿಕ್ಕಿಬೀಳುತ್ತದೆ: ಬಿಲ್ ಮೇಲೆ ಕಂಪನಿಯ ಜಿಎಸ್‌ಟಿ ನಂಬರ್ ಇದೆಯೆಂದು ವಿಮೆಯವರು ತೆರಿಗೆ ಭಾಗವನ್ನು ಕಡಿತ ಮಾಡಿಬಿಡುತ್ತಾರೆ. ಪ್ರಯಾಣಿಕ ಕಾರುಗಳಿಗೆ ಇನ್‌ಪುಟ್ ಕ್ರೆಡಿಟ್ ಸಾಮಾನ್ಯವಾಗಿ ಸಿಗುವುದಿಲ್ಲ, ಆದ್ದರಿಂದ 'ಕ್ರೆಡಿಟ್ ಪಡೆದಿಲ್ಲ' ಎಂಬ ಪತ್ರವನ್ನು ಅಕೌಂಟ್ಸ್‌ನವರಿಂದ ಮೊದಲೇ ಲಗತ್ತಿಸಿ. ಭಾನುವಾರ ಮನೆಯವರ ಜೊತೆ ಹೋಗಿದ್ದಿರಿ ಎಂಬುದಕ್ಕೆ ಕ್ಲೇಮ್ ನಿಲ್ಲುವುದಿಲ್ಲ. ಖಾಸಗಿ ಕಾರಿನ ಪಾಲಿಸಿಯಲ್ಲಿ ಸ್ವಂತ ಓಡಾಟಕ್ಕೆ ತಡೆಯಿಲ್ಲ, ಬಾಡಿಗೆಗೆ ಓಡಿಸುವುದಕ್ಕೆ ಇದೆ. ಕಂಪನಿಯ ಒಳನಿಯಮ ಏನೆನ್ನುತ್ತದೆ ಎಂಬುದು ಬೇರೆ ಮಾತು.

ಈಗ ನಿಮ್ಮ ಮೈಗೆ ಏಟಾದರೆ? ಹೆಚ್ಚಿನವರು ಗೊಂದಲಕ್ಕೆ ಬೀಳುವುದು ಇಲ್ಲೇ. ಪಾಲಿಸಿಯ ಶೆಡ್ಯೂಲ್‌ನಲ್ಲಿ ಐಎಂಟಿ ನಂಬರ್‌ಗಳಿರುತ್ತವೆ, ಪಾಲಿಸಿಗೆ ಸೇರಿಸಿದ ಒಂದೊಂದು ಷರತ್ತಿಗೆ ಒಂದೊಂದು ನಂಬರ್, ಅವುಗಳಲ್ಲಿ ಮೂರನ್ನು ಹುಡುಕಿ. ಐಎಂಟಿ 15 ಎಂದರೆ ಹೆಸರಿಸಿದ ವ್ಯಕ್ತಿಗೆ ಪಿಎ. ನಿಮ್ಮ ಹೆಸರು ಅಲ್ಲಿದ್ದರೆ ಮಾತ್ರ ನೀವು ಅದರೊಳಗೆ. ಐಎಂಟಿ 16 ಹೆಸರಿಸದ ಪ್ರಯಾಣಿಕರಿಗೆ. ಅದರ ವಾಕ್ಯದಲ್ಲೇ 'ಓಡಿಸುತ್ತಿರುವವರನ್ನು ಬಿಟ್ಟು' ಎಂದಿದೆ, ಅಂದರೆ ಸ್ಟಿಯರಿಂಗ್ ಹಿಡಿದವರಿಗೆ ಅದು ಇಲ್ಲ. ಟ್ಯಾರಿಫ್ ಪ್ರಕಾರ ಖಾಸಗಿ ಕಾರಿಗೆ ಇವೆರಡರ ಮಿತಿ ತಲಾ 2 ಲಕ್ಷ. ಮೂರನೆಯದು ಐಎಂಟಿ 29. ಟ್ಯಾರಿಫ್‌ನಲ್ಲಿ ಒಬ್ಬರಿಗೆ 50 ರೂಪಾಯಿ ಪ್ರೀಮಿಯಂ, ಕಂಪನಿಯ ಕಾರಿನಲ್ಲಿ ಕೂತಿರುವ ಅಥವಾ ಅದನ್ನು ಓಡಿಸುವ ನೌಕರರ ಬಗ್ಗೆ. ಇದನ್ನು ಪಿಎ ಎಂದು ತಿಳಿದು ಮೋಸಹೋಗಬೇಡಿ. ಇದು ಕಂಪನಿಯ ಹೊಣೆಗಾರಿಕೆಯ ವಿಮೆ, ಅಂದರೆ ನಿಮಗಾದ ಏಟಿಗೆ ಕಂಪನಿ ಕಾನೂನಿನಂತೆ ಹೊಣೆಯಾದಾಗ ಆ ಹೊಣೆಯನ್ನು ವಿಮೆಯವರು ಹೊರುತ್ತಾರೆ. ಬ್ರೇಕ್ ಸರಿಯಿಲ್ಲವೆಂದು ನೀವು ಬರೆದುಕೊಟ್ಟರೂ ಕಂಪನಿ ಸರ್ವೀಸ್ ಮಾಡಿಸದೆ ಬಿಟ್ಟಿದ್ದರೆ ಇದು ಕೆಲಸಕ್ಕೆ ಬರುತ್ತದೆ. ತಪ್ಪು ನಿಮ್ಮದೇ ಆದರೆ ಬರುವುದಿಲ್ಲ.

ವ್ಯತ್ಯಾಸ ಇಷ್ಟೇ. ಪಿಎಯಲ್ಲಿ ತಪ್ಪು ಯಾರದ್ದು ಎಂದು ಕೇಳುವುದಿಲ್ಲ, ಕುಡಿದು ಓಡಿಸಿರಬಾರದು ಎಂಬಂಥ ಕೆಲವು ಷರತ್ತುಗಳಿವೆ ಅಷ್ಟೆ. ಸಾವಿಗೆ ಪೂರ್ತಿ ಮೊತ್ತ, ಒಂದು ಕೈ ಅಥವಾ ಒಂದು ಕಾಲು ಹೋದರೆ ಅರ್ಧ, ಹೀಗೆ ಪಟ್ಟಿಯಿದೆ. ಪಟ್ಟಿಯಲ್ಲಿಲ್ಲದ ಗಾಯಕ್ಕೆ ಏನೂ ಇಲ್ಲ, ಆಸ್ಪತ್ರೆ ಬಿಲ್ಲಿಗೂ ಇಲ್ಲ. ಥರ್ಡ್ ಪಾರ್ಟಿ ಪರಿಹಾರ ಇದಕ್ಕೆ ತದ್ವಿರುದ್ಧ. ಸಾಮಾನ್ಯವಾಗಿ ತಪ್ಪು ಯಾರದ್ದೆಂದು ಸಾಬೀತಾಗಬೇಕು, ಮೊತ್ತವನ್ನು ವಯಸ್ಸು, ಆದಾಯ, ಗಾಯ ನೋಡಿ ಟ್ರಿಬ್ಯುನಲ್ ಲೆಕ್ಕ ಹಾಕುತ್ತದೆ.

ಒಂದು ಉದಾಹರಣೆ ಹಿಡಿಯೋಣ. ಕಾರು ನೀವು ಓಡಿಸುತ್ತಿದ್ದೀರಿ, ಪಕ್ಕದಲ್ಲಿ ಹೆಂಡತಿ. ಮಳೆಯಲ್ಲಿ ಜಾರಿ ಡಿವೈಡರ್‌ಗೆ ಬಡಿಯಿತು, ಬೇರೆ ವಾಹನವಿಲ್ಲ. ನಿಮ್ಮದು ಒಂದು ಕಾಲು ಹೋಯಿತು, ಅವರಿಗೆ ತೋಳಿನ ಮೂಳೆ ಮುರಿಯಿತು. ಕಾರು 1500 ಸಿಸಿಗಿಂತ ದೊಡ್ಡದು.

ಕಾರಿನ ರಿಪೇರಿ ಕಂಪನಿಯ ಕ್ಲೇಮ್, ಕಡ್ಡಾಯ ಕಡಿತ 2,000 ರೂಪಾಯಿ. ನಿಮಗೆ, ಐಎಂಟಿ 15ರಲ್ಲಿ ನಿಮ್ಮ ಹೆಸರಿಗೆ 2 ಲಕ್ಷ ಇದ್ದರೆ 1 ಲಕ್ಷ. ಹೆಸರಿಲ್ಲದಿದ್ದರೆ ಮೋಟಾರ್ ಪಾಲಿಸಿಯಿಂದ ಸೊನ್ನೆ. ನಿಮ್ಮ ಅಜಾಗರೂಕತೆಗೆ ನೀವೇ ಪರಿಹಾರ ಕೇಳಲಾಗುವುದಿಲ್ಲ. ಬೇರೆಯವರ ವಾಹನವನ್ನು ಪಡೆದು ಓಡಿಸುವವನು ಮಾಲೀಕನ ಸ್ಥಾನದಲ್ಲಿ ನಿಲ್ಲುತ್ತಾನೆ ಎಂದು ಸುಪ್ರೀಂ ಕೋರ್ಟ್ 2009ರ ನಿಂಗಮ್ಮ ಪ್ರಕರಣದಲ್ಲಿ ಹೇಳಿದೆ. ಹೆಂಡತಿಯದು ಉಲ್ಟಾ: ಮೂಳೆ ಮುರಿತ ಪಟ್ಟಿಯಲ್ಲಿ ಇಲ್ಲದ್ದರಿಂದ ಐಎಂಟಿ 16ರಿಂದ ಏನೂ ಬರುವುದಿಲ್ಲ. ಆದರೆ ಪಾಲಿಸಿ ಪ್ಯಾಕೇಜ್ ಆಗಿದ್ದರೆ, ಅಂದರೆ ಕಾರಿನ ಡ್ಯಾಮೇಜೂ ಥರ್ಡ್ ಪಾರ್ಟಿಯೂ ಸೇರಿದ್ದಾದರೆ, ಒಳಗೆ ಕೂತವರು ಥರ್ಡ್ ಪಾರ್ಟಿ ಭಾಗದಲ್ಲಿ ಬರುತ್ತಾರೆ. ಕಂಪನಿ ಮತ್ತು ವಿಮೆಯವರ ಮೇಲೆ ಅವರು ಟ್ರಿಬ್ಯುನಲ್‌ಗೆ ಅರ್ಜಿ ಹಾಕಬಹುದು. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ವಿಮೆಯವರಿಂದ ಪಡೆಯುವ ದಾರಿ ಮುಚ್ಚುತ್ತದೆ. ಬಾಲಕೃಷ್ಣನ್ ಪ್ರಕರಣದಲ್ಲಿ ಕಂಪನಿಯ ಕಾರಿನಲ್ಲಿ ಕೂತಿದ್ದವರು ಅದರ ಮ್ಯಾನೇಜಿಂಗ್ ಡೈರೆಕ್ಟರೇ. ಅಲ್ಲೂ ಸುಪ್ರೀಂ ಕೋರ್ಟ್ ಕೊನೆಗೆ ನೋಡಲು ಹೇಳಿದ್ದು ಪಾಲಿಸಿ ಯಾವ ಬಗೆಯದು ಎಂಬುದನ್ನೇ.

ಜಾರುವ ಬದಲು ಲಾರಿ ಬಂದು ಗುದ್ದಿದ್ದರೆ ನೀವೇ ನಿಮ್ಮ ಹೆಸರಲ್ಲಿ ಲಾರಿಯ ವಿಮೆಯವರ ಮೇಲೆ ಕೇಸು ಹಾಕಬಹುದು. ಅದಕ್ಕೆ ಕಂಪನಿಯ ಅನುಮತಿ ಬೇಡ. ಅಪಘಾತವಾದ 6 ತಿಂಗಳೊಳಗೆ ಹಾಕಿ. ಡ್ಯೂಟಿಯಲ್ಲಿದ್ದಾಗ ಆದದ್ದಾದರೆ ನೌಕರರ ಪರಿಹಾರ ಕಾನೂನಿನ ದಾರಿಯೂ ಇದೆ, ಆದರೆ ಎರಡರಲ್ಲಿ ಒಂದನ್ನೇ ಆರಿಸಬೇಕು. ಮೊದಲ ಅರ್ಜಿ ಹಾಕುವ ಮುಂಚೆ ವಕೀಲರ ಹತ್ತಿರ ಎರಡರ ಲೆಕ್ಕವನ್ನೂ ಮಾಡಿಸಿ.

ನನ್ನ ಮಟ್ಟಿಗೆ, 2 ಲಕ್ಷದ ಐಎಂಟಿ 15ನ್ನು ನಂಬಿ ಕೂರುವುದು ಬೇಡ. ಎಚ್‌ಆರ್ ಹತ್ತಿರ ಗ್ರೂಪ್ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ ಇದೆಯೇ, ಇದ್ದರೆ 24 ಗಂಟೆಯದ್ದೇ ಅಥವಾ ಡ್ಯೂಟಿ ಹೊತ್ತಿನದ್ದು ಮಾತ್ರವೇ ಎಂದು ಬರವಣಿಗೆಯಲ್ಲಿ ಕೇಳಿ. ಡ್ಯೂಟಿ ಹೊತ್ತಿನದ್ದಾದರೆ ಮೇಲಿನ ಭಾನುವಾರಕ್ಕೆ ಅದು ಅನ್ವಯಿಸುವುದಿಲ್ಲ. ಆಗ ನಿಮ್ಮ ಹೆಸರಲ್ಲೇ ಒಂದು ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸಿಕೊಳ್ಳಿ. ಅದಕ್ಕೆ ಕಾರು ಯಾರದ್ದೆಂಬ ಪ್ರಶ್ನೆಯೇ ಇಲ್ಲ.

ಮುಂದೆ ಆ ಕಾರನ್ನು ನೀವೇ ಕೊಂಡರೆ ಒಂದು ಪತ್ರ ಮರೆಯಬೇಡಿ. ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ಪ್ರೀಮಿಯಂ ರಿಯಾಯಿತಿ, ಸಾಮಾನ್ಯವಾಗಿ ಹಳೆಯ ಮಾಲೀಕನಲ್ಲೇ ಉಳಿಯುತ್ತದೆ. ಆದರೆ ಕಾರು ನಿಮಗೆ ಹಂಚಿಕೆಯಾಗಿತ್ತು, ನೀವೊಬ್ಬರೇ ಓಡಿಸುತ್ತಿದ್ದಿರಿ ಎಂದು ಕಂಪನಿ ಬರೆದುಕೊಟ್ಟರೆ ಆ ಅವಧಿಯ ಎನ್‌ಸಿಬಿ ನಿಮಗೆ ಸಿಗಬೇಕೆಂದು ಟ್ಯಾರಿಫ್‌ನಲ್ಲೇ ಇದೆ. ಹೆಸರು ಬದಲಾದ 14 ದಿನದೊಳಗೆ ಪಾಲಿಸಿ ವರ್ಗಾವಣೆಗೆ ಅರ್ಜಿ ಕೊಡಿ. ಆಗ ಮಾತ್ರ ಆ ಸೊನ್ನೆ ಇದ್ದ ಜಾಗದಲ್ಲಿ 15 ಲಕ್ಷ ಬರೆಸುವುದು ನಿಮ್ಮ ಕೆಲಸ.