ಪ್ರೆಸೆಂಟೇಷನ್ ಆರಂಭದ ಒಂದು ಸುರಕ್ಷಿತ ಜೋಕು

ಪ್ರಶ್ನೆ: ನಾನು ರಾಯಚೂರಿನ ಒಂದು ಬೀಜ ಕಂಪನಿಯ ಗೋದಾಮಿನಲ್ಲಿ ಗುಣಮಟ್ಟ ವಿಭಾಗದಲ್ಲಿದ್ದೇನೆ. ಮೇ ಕೊನೆಯ ವಾರ ಮಧ್ಯಾಹ್ನ 2:30ಕ್ಕೆ ಮೇಲಧಿಕಾರಿಗಳ ಎದುರು 15 ನಿಮಿಷದ ಪ್ರೆಸೆಂಟೇಷನ್ ಇದೆ. ವಿಷಯ, ಬೇಸಿಗೆಯಲ್ಲಿ ಬೀಜದ ದಾಸ್ತಾನು. ಎದ್ದು ನಿಂತರೆ ಕೈ ನಡುಗುತ್ತದೆ. ಒಂದು ಜೋಕಿನಿಂದ ಶುರು ಮಾಡು ಎನ್ನುತ್ತಾರೆ ಗೆಳೆಯರು. ಯಾರಿಗೂ ಬೇಸರವಾಗದ ಜೋಕು ಯಾವುದು, ಹೇಗೆ ಹೇಳಬೇಕು?

ನಾನು 14 ವರ್ಷಗಳಿಂದ ಬೀಜ ಮತ್ತು ಗೊಬ್ಬರ ವಿತರಣೆಯ ಕೆಲಸದಲ್ಲಿದ್ದು, ಸಿಂಧನೂರು, ಮಾನ್ವಿ, ಗಂಗಾವತಿಗಳಲ್ಲಿ ಡೀಲರುಗಳ ಸಭೆ ನಡೆಸುತ್ತ ಬಂದಿದ್ದೇನೆ. ಮೊದಲ ಕೆಲವು ವರ್ಷ ನಿಮ್ಮ ಹಾಗೆಯೇ ಕೈ ನಡುಗುತ್ತಿದ್ದುದರಿಂದ ನಿಮ್ಮ ಪ್ರಶ್ನೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಸಿದ್ಧ ಜೋಕುಗಳ ಪಟ್ಟಿಯಿಂದ ನಿಮಗೆ ಉಪಯೋಗವಾಗದು. ನಿಮ್ಮ ಸಭೆಗೆ ಮಾತ್ರ ಹೊಂದುವ ಒಂದನ್ನು ಇಲ್ಲಿಯೇ ಕಟ್ಟಿ ತೋರಿಸುತ್ತೇನೆ.

ಅದಕ್ಕೆ ಮೊದಲು ನೀವು ಜೋಕನ್ನು ಇಡಬೇಕಾದ ಜಾಗದ ಬಗ್ಗೆ ಒಂದು ಮಾತು. ಹೆದರಿಕೆ ಅತಿ ಹೆಚ್ಚಿರುವುದು ಎದ್ದು ನಿಂತ ಮೊದಲ ನಿಮಿಷದಲ್ಲಿ. ಆಗ ಬಾಯಿ ಒಣಗಿರುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲಿಯೇ ನಿಂತಿರುತ್ತದೆ, ಮಾತು ತಾನಾಗಿಯೇ ಓಡತೊಡಗುತ್ತದೆ. ಜೋಕು ಎಂಬುದು ನಿಧಾನವನ್ನು ಬೇಡುವ ಮಾತು. ಅದನ್ನು ಇಂಥ ಹೊತ್ತಿನಲ್ಲಿ ಮೊಟ್ಟಮೊದಲ ವಾಕ್ಯವಾಗಿ ಹೇಳಲು ಹೋದರೆ ಕೊನೆಯ ಪದ ಬಾಯಿಯೊಳಗೇ ಉಳಿದುಬಿಡುತ್ತದೆ. ಆದ್ದರಿಂದ ನೂರು ಸಲ ಹೇಳಿ ಅಭ್ಯಾಸವಾಗಿರುವ ಮಾತಿನಿಂದ ಆರಂಭಿಸಿ: ಎಲ್ಲರಿಗೂ ನಮಸ್ಕಾರ, ನನ್ನ ಹೆಸರು ಇಂಥದು, ಗುಣಮಟ್ಟ ವಿಭಾಗದಿಂದ ಬಂದಿದ್ದೇನೆ. ಇಷ್ಟು ಹೇಳಿ ಒಂದು ಗುಟುಕು ನೀರು ಕುಡಿದು, ಉಸಿರನ್ನು ಪೂರ್ತಿಯಾಗಿ ಹೊರಗೆ ಬಿಟ್ಟ ಮೇಲೆ ಜೋಕಿಗೆ ಬನ್ನಿ. ಆ ಹೊತ್ತಿಗೆ ನಿಮ್ಮ ದನಿ ನಿಮ್ಮ ಹಿಡಿತಕ್ಕೆ ಬಂದಿರುತ್ತದೆ.

ಈಗ ಜೋಕಿನ ವಿಷಯ. ಕೋಣೆಯಲ್ಲಿರುವ ಎಲ್ಲರಿಗೂ ಸಮನಾಗಿ ತಟ್ಟುವ ಸಂಗತಿಯೊಂದೇ ಸುರಕ್ಷಿತ. ಮೇ ತಿಂಗಳ ರಾಯಚೂರಿನಲ್ಲಿ ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಬಿಸಿಲು ಇದೆ. ಜಾತಿ, ಧರ್ಮ, ಹೆಂಡತಿ, ಮೈಬಣ್ಣ, ದೇಹದ ಗಾತ್ರ, ರಾಜಕೀಯ ಇವು ಯಾವುವೂ ಬೇಡವೆಂಬುದು ನಿಮಗೆ ತಿಳಿದೇ ಇದೆ. ಅಷ್ಟಾಗಿ ಯಾರೂ ಗಮನಿಸದ ಇನ್ನೆರಡು ವಿಷಯಗಳಿವೆ. ನಮ್ಮ ಕಡೆಯ ಸಭೆಗಳಲ್ಲಿ ತೆಲುಗು ಮಾತನಾಡುವವರೂ ಉರ್ದು ಮಾತನಾಡುವವರೂ ಇದ್ದೇ ಇರುತ್ತಾರೆ, ಹೀಗಾಗಿ ಕನ್ನಡ ಪದದ ಎರಡು ಅರ್ಥಗಳ ಮೇಲೆ ನಿಂತ ಜೋಕಿಗೆ ಅರ್ಧ ಕೋಣೆ ನಗುತ್ತದೆ, ಉಳಿದರ್ಧ ಪಕ್ಕದವರ ಮುಖ ನೋಡುತ್ತದೆ. ಇನ್ನೊಂದು, ಯಾರದೇ ಊರಿನ ಮಾತಿನ ಧಾಟಿಯನ್ನು ಅಣಕಿಸಬಾರದು, ಅದು ನಮ್ಮ ಊರಿನದೇ ಆಗಿದ್ದರೂ ಸರಿ. ರಾಯಚೂರಿನಲ್ಲಿ ಇರುವುದು ಬೇಸಿಗೆ ಮತ್ತು ಕಡು ಬೇಸಿಗೆ ಎಂಬ ಎರಡೇ ಕಾಲ ಎನ್ನುವ ಮಾತನ್ನು ಮಾತ್ರ ಬಿಟ್ಟುಬಿಡಿ. ಅದರಿಂದ ಯಾರಿಗೂ ಬೇಸರವಾಗುವುದಿಲ್ಲ ನಿಜ, ಆದರೆ ಕೇಳಿ ಕೇಳಿ ಸವೆದುಹೋಗಿದೆ.

ನನಗೆ ಮೊದಲು ಹೊಳೆದದ್ದು ಹೀಗಿತ್ತು: "ಈ ಕಟ್ಟಡದಲ್ಲಿ ಸರಿಯಾಗಿ ಕೆಲಸ ಮಾಡುವ ಏಸಿ ಇರುವುದು ಈ ಕೋಣೆಯಲ್ಲಿ ಮಾತ್ರ, ಅದಕ್ಕೇ ನೀವೆಲ್ಲ ಬಂದಿದ್ದೀರಿ ಎಂದು ನನಗೆ ಆಮೇಲೆ ಗೊತ್ತಾಯಿತು." ಇದರಲ್ಲಿ ಮೂರು ತಪ್ಪುಗಳಿವೆ. ಉಳಿದ ಏಸಿಗಳು ಕೆಟ್ಟಿವೆ ಎಂಬುದು ಆಡಳಿತ ವಿಭಾಗದವರ ಮೇಲಿನ ದೂರು, ಆ ವಿಭಾಗದವರು ಎದುರಿಗೇ ಕುಳಿತಿರುತ್ತಾರೆ. "ನೀವೆಲ್ಲ" ಎಂದಾಗ ಹೇಳುವವನು ಹೊರಗೆ ನಿಂತು ಹಿರಿಯರನ್ನು ಕೆಣಕಿದ ಹಾಗಾಗುತ್ತದೆ. ಮೂರನೆಯದು ನಮ್ಮ ಭಾಷೆಯ ರಚನೆಗೇ ಸಂಬಂಧಿಸಿದ್ದು, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕನ್ನಡದಲ್ಲಿ ಕಾರಣ ಮೊದಲು ಬರುತ್ತದೆ, ಕ್ರಿಯಾಪದ ಕೊನೆಗೆ ಬರುತ್ತದೆ. ಮೇಲಿನ ವಾಕ್ಯದಲ್ಲಿ ಗುಟ್ಟೆಲ್ಲ ಇರುವುದು ಏಸಿ ಎಂಬ ಪದದಲ್ಲಿ, ಅದು ಆರಂಭದಲ್ಲಿಯೇ ಹೊರಬಿದ್ದಿದೆ. ಆಮೇಲೆ ಬರುವ "ಎಂದು ನನಗೆ ಆಮೇಲೆ ಗೊತ್ತಾಯಿತು" ಎಂಬ ಬಾಲವನ್ನು ಕೇಳುತ್ತ ಕುಳಿತಷ್ಟರಲ್ಲಿ ಬರಬೇಕಾದ ನಗು ಆರಿಹೋಗಿರುತ್ತದೆ. ಆದ್ದರಿಂದ ಒಂದೇ ಉದ್ದ ವಾಕ್ಯವನ್ನು ಒಡೆದು, ಗೊತ್ತಾಯಿತು ಎಂಬುದನ್ನು ಮುಂದಕ್ಕೆ ತಂದು, ಗುಟ್ಟಿನ ಪದವನ್ನು ಕ್ರಿಯಾಪದವಿಲ್ಲದೆ ಕೊನೆಗೆ ನಿಲ್ಲಿಸಬೇಕು. ತಿದ್ದಿದ ಮೇಲೆ ಹೀಗಾಯಿತು:

"ಮಧ್ಯಾಹ್ನ ಎರಡೂವರೆಗೆ ನಾವೆಲ್ಲ ತಪ್ಪದೆ ಇಲ್ಲಿ ಸೇರಿದ್ದೇವೆ. ಬೀಜದ ಮೇಲಿನ ಪ್ರೀತಿಯೇ ಕಾರಣ ಅಂದುಕೊಂಡಿದ್ದೆ. ಈಗ ಗೊತ್ತಾಯಿತು: ಹೊರಗೆ 42 ಡಿಗ್ರಿ, ಒಳಗೆ ಏಸಿ."

ಇದು ಹೊಟ್ಟೆ ಹುಣ್ಣಾಗುವಷ್ಟು ನಗಿಸುವ ಜೋಕಲ್ಲ, ಆಗಬೇಕಾಗಿಯೂ ಇಲ್ಲ. ಬಿಗಿದ ಮುಖಗಳು ಸಡಿಲಾದರೆ ನಿಮ್ಮ ಕೆಲಸ ಆಯಿತು. ಗುರಿ ಬಿಸಿಲು, ಅದರ ಕೈಗೆ ಸಿಕ್ಕವರಲ್ಲಿ ನೀವೂ ಇದ್ದೀರಿ, ನಿಮ್ಮ ಮ್ಯಾನೇಜರರೂ ಇದ್ದಾರೆ.

ಜೋಕಿಗಿಂತ ಮುಖ್ಯವಾದದ್ದು ಅದರ ಬೆನ್ನಿಗೆ ಬರುವ ವಾಕ್ಯ. ಹೆದರಿದ ಮನುಷ್ಯನನ್ನು ನಿಜವಾಗಿ ಕಾಡುವುದು ಯಾರೂ ನಗದಿದ್ದರೆ ಏನು ಮಾಡಲಿ ಎಂಬ ಚಿಂತೆ, ಅದಕ್ಕೆ ಉತ್ತರ ಮೊದಲೇ ಬರೆದಿಟ್ಟುಕೊಂಡಿರಬೇಕು. ನಕ್ಕರೂ ನಗದಿದ್ದರೂ ಒಂದೇ ಧಾಟಿಯಲ್ಲಿ ಹೇಳಬಹುದಾದ, ನೇರವಾಗಿ ವಿಷಯಕ್ಕೆ ಕರೆದೊಯ್ಯುವ ಮಾತು ಅದಾಗಿರಲಿ. ನಿಮ್ಮ ವಿಷಯವೇ ಬೇಸಿಗೆಯಲ್ಲಿ ಬೀಜವನ್ನು ಕಾಪಾಡುವುದಾದ್ದರಿಂದ ಇದು ತಾನಾಗಿಯೇ ಒದಗಿ ಬಂದಿದೆ: "ಗೋದಾಮಿನಲ್ಲಿರುವ ಬೀಜದ ಚೀಲಗಳು ಹೀಗೆ ಎದ್ದು ಏಸಿ ಕೋಣೆಗೆ ಬರಲಾರವು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಅವು ಎಷ್ಟು ಬಿಸಿಯಲ್ಲಿದ್ದವು, ಅದರಿಂದ ಮೊಳಕೆಯ ಪ್ರಮಾಣ ಎಷ್ಟು ವ್ಯತ್ಯಾಸವಾಯಿತು ಎಂಬುದನ್ನು ಈಗ ತೋರಿಸುತ್ತೇನೆ." ಇದನ್ನು ಹೇಳುತ್ತಲೇ ಮೊದಲ ಸ್ಲೈಡಿಗೆ ಹೋಗಿ. ಕೋಣೆ ಸುಮ್ಮನಿದ್ದರೂ ಅಲ್ಲೊಂದು ಜೋಕು ಸೋತಿತೆಂದು ಯಾರಿಗೂ ಅನ್ನಿಸುವುದಿಲ್ಲ, ಏಕೆಂದರೆ ಅದು ಪೀಠಿಕೆಯೊಳಗೇ ಬೆರೆತುಹೋಗಿರುತ್ತದೆ. "ಒಂದು ಜೋಕು ಹೇಳುತ್ತೇನೆ" ಎಂದು ಮೊದಲೇ ಸಾರಬಾರದು ಎನ್ನುವುದೂ ಇದೇ ಕಾರಣಕ್ಕೆ.

ಹೇಳುವ ರೀತಿಯಲ್ಲಿ ಎಡವುವುದು ಮುಖ್ಯವಾಗಿ ಒಂದೇ ಕಡೆ, ನಿಲುಗಡೆಯಲ್ಲಿ. "ಈಗ ಗೊತ್ತಾಯಿತು" ಎಂದ ಮೇಲೆ ಮನಸ್ಸಿನಲ್ಲಿ ಒಂದು ಎಣಿಸುವಷ್ಟು ನಿಲ್ಲಿ, "ಏಸಿ" ಎಂದ ಮೇಲೆ ಒಂದು, ಎರಡು ಎಣಿಸಿ. ಹೆದರಿದವರಿಗೆ ಈ ಎರಡು ಕ್ಷಣ ಎರಡು ನಿಮಿಷದಂತೆ ತೋರುವುದರಿಂದ ಕೂಡಲೇ ಮುಂದಿನ ಮಾತಿಗೆ ಹಾರುತ್ತಾರೆ, ಜನರ ನಗು ಮತ್ತು ಅವರ ಮಾತು ಒಂದರ ಮೇಲೊಂದು ಬಿದ್ದು ಎರಡೂ ಕೇಳಿಸುವುದಿಲ್ಲ. ಮನೆಯಲ್ಲಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನೋಡಿ. ಜೋಕಿನ ಮೂರು ವಾಕ್ಯಗಳಿಗೆ ನಿಲುಗಡೆ ಸೇರಿ ಸುಮಾರು 15 ಸೆಕೆಂಡು ಹಿಡಿಯಬೇಕು. 8 ಸೆಕೆಂಡಿನಲ್ಲಿ ಮುಗಿದಿದ್ದರೆ ಓಡುತ್ತಿದ್ದೀರಿ ಎಂದೇ ಅರ್ಥ. ಕೊನೆಯ ಪದ ಹೇಳುವಾಗ ದೊಡ್ಡ ಸಾಹೇಬರ ಮುಖ ನೋಡಬೇಡಿ. ನಮ್ಮ ಆಫೀಸುಗಳಲ್ಲಿ ಸಾಹೇಬರು ನಕ್ಕ ಮೇಲೆ ನಗುವ ರೂಢಿಯಿದೆ, ಅವರೋ ಆ ಹೊತ್ತಿನಲ್ಲಿ ಫೋನು ನೋಡುತ್ತಿರಬಹುದು. ನಿಮ್ಮನ್ನು ಬಲ್ಲ, ಸಹಜವಾಗಿ ನಗುವ ಸಹೋದ್ಯೋಗಿಯೊಬ್ಬರು ಎಲ್ಲಿ ಕುಳಿತಿದ್ದಾರೆಂದು ಮೊದಲೇ ನೋಡಿಟ್ಟುಕೊಂಡು ಅವರ ಕಡೆಗೆ ತಿರುಗಿ ಹೇಳಿ.

ಸುರಕ್ಷಿತ ಎಂಬುದಕ್ಕೆ ಒಂದು ತಾರೀಖು ಇರುತ್ತದೆ ಎಂಬುದನ್ನು ನಾನು ಕಲಿತದ್ದು 2024ರಲ್ಲಿ. ಆ ಜುಲೈ ಕೊನೆಯಲ್ಲಿ ತುಂಗಭದ್ರಾ ಜಲಾಶಯ ತುಂಬಿತ್ತು, ಎಲ್ಲರ ಮುಖದಲ್ಲೂ ಗೆಲುವಿತ್ತು. ಗಂಗಾವತಿಯ ಡೀಲರುಗಳ ಸಭೆಗೆಂದು ನಾನು ಆಗಲೇ ಎರಡು ಸಾಲು ಬರೆದುಕೊಂಡಿದ್ದೆ: "ಡ್ಯಾಂ ತುಂಬಿದೆ, ಕಾಲುವೆ ತುಂಬಿದೆ. ಇನ್ನು ತುಂಬಬೇಕಾದದ್ದು ಒಂದೇ, ನಿಮ್ಮ ಆರ್ಡರ್ ಫಾರಂ." ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರೆಸ್ಟ್ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಸಭೆ ಇದ್ದದ್ದು ಅದಾದ ಎರಡು ದಿನಕ್ಕೆ. ಸುದ್ದಿ ನನಗೂ ಗೊತ್ತಿತ್ತು, ಕಳವಳವೂ ಇತ್ತು. ಆದರೆ ಎದ್ದು ನಿಂತಾಗ ಗಾಬರಿಯಲ್ಲಿ ಬಾಯಿಪಾಠ ಮಾಡಿದ್ದೇ ಹೊರಗೆ ಬಂದಿತು. ಆ ಕೋಣೆಯಲ್ಲಿದ್ದ ಹೆಚ್ಚಿನವರು ಸ್ವತಃ ಭತ್ತ ಬೆಳೆಯುವವರು, ನಾಟಿ ಮಾಡಿದ ಗದ್ದೆಗೆ ಕೊನೆಯವರೆಗೆ ನೀರು ಸಿಗುತ್ತದೋ ಇಲ್ಲವೋ ಎಂದು ಎರಡು ರಾತ್ರಿ ನಿದ್ದೆಗೆಟ್ಟವರು. ಮೊದಲ ಸಾಲಿನಲ್ಲಿದ್ದ ಹಿರಿಯರೊಬ್ಬರು ಹೆಗಲ ಮೇಲಿನ ಟವಲನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿದರು. ನಾನು ಕ್ಷಮೆ ಕೇಳಿ, ಗೇಟಿನ ವಿಷಯ ಮಾತನಾಡಿಯೇ ಮುಂದಕ್ಕೆ ಹೋದೆ. ಹೆದರುವವರಿಗೆ ಬಾಯಿಪಾಠ ಆಸರೆ ನಿಜ, ಆದರೆ ಸಮಯ ಬದಲಾದಾಗ ಅದನ್ನು ಬಿಡಲು ಅವರಿಂದಲೇ ಆಗುವುದಿಲ್ಲ. ಅಂದಿನಿಂದ ಸಭೆಯ ದಿನ ಬೆಳಿಗ್ಗೆ ಜಿಲ್ಲೆಯ ಸುದ್ದಿ ನೋಡಿ, ಜೋಕು ಇರಬೇಕೋ ಬೇಡವೋ ಎಂಬುದನ್ನು ನಿರ್ಧರಿಸಿ, ಬೇಡವೆನಿಸಿದರೆ ಚೀಟಿಯಲ್ಲಿ ಅದರ ಮೇಲೆ ಪೆನ್ನಿನಿಂದ ಅಡ್ಡಗೆರೆ ಎಳೆದುಬಿಡುತ್ತೇನೆ.

ನಿಮ್ಮ ವಿಷಯದಲ್ಲಿಯೂ ಹಾಗೆ ಅಡ್ಡಗೆರೆ ಎಳೆಯಬೇಕಾದ ಸಂದರ್ಭವೊಂದಿದೆ. ಭತ್ತದ ಪ್ರಮಾಣೀಕೃತ ಬೀಜಕ್ಕೆ ಮೊಳಕೆಯ ಪ್ರಮಾಣ ಕನಿಷ್ಠ ಶೇ. 80 ಇರಬೇಕೆಂಬ ನಿಯಮ ನಿಮಗೆ ಗೊತ್ತು. ನಿಮ್ಮ ಎಲ್ಲ ಲಾಟುಗಳೂ ಅದರ ಮೇಲಿದ್ದರೆ ಜೋಕು ಇರಲಿ. ಬಿಸಿಗೆ ಸಿಕ್ಕು ಕೆಲವು ಲಾಟುಗಳು ಅದಕ್ಕಿಂತ ಕೆಳಗೆ ಇಳಿದಿದ್ದರೆ, ಅಥವಾ ಬೀಜ ಮೊಳೆಯಲಿಲ್ಲವೆಂದು ರೈತರಿಂದ ದೂರು ಬಂದಿದ್ದರೆ, ಬಿಸಿಲನ್ನು ನಗೆಯ ವಸ್ತು ಮಾಡುವುದು ಸರಿಯಲ್ಲ. ಮುಂದಿನ ಸ್ಲೈಡಿನಲ್ಲಿ ನಷ್ಟದ ಲೆಕ್ಕ ಬಂದಾಗ ಹಿಂದೆ ನಕ್ಕವರಿಗೆಲ್ಲ ಮುಜುಗರವಾಗುತ್ತದೆ, ಆ ಮುಜುಗರದ ಸಿಟ್ಟು ಬಂದು ಬೀಳುವುದು ನಿಮ್ಮ ಮೇಲೆ.

ಸಭೆಗೆ ಎರಡು ದಿನ ಮೊದಲು ಚಹಾದ ಹೊತ್ತಿನಲ್ಲಿ ಇದನ್ನು ಇಬ್ಬರಿಗೆ ಹೇಳಿ ನೋಡಿ, ಒಬ್ಬರು ನಿಮ್ಮ ವಿಭಾಗದವರು, ಇನ್ನೊಬ್ಬರು ಕನ್ನಡ ಮನೆಮಾತಲ್ಲದವರು. ಅವರು ನಕ್ಕರೇ ಎಂಬುದಕ್ಕಿಂತ "ಯಾರಿಗೆ ಹೇಳಿದ ಮಾತಿದು?" ಎಂದು ಕೇಳಿದರೇ ಎಂಬುದನ್ನು ಗಮನಿಸಿ. ಆ ಪ್ರಶ್ನೆ ಬಂದರೆ ಜೋಕಿನಲ್ಲಿ ಎಲ್ಲೋ ಒಂದು ಮುಳ್ಳು ಉಳಿದಿದೆ. ಅಂದು ಮಧ್ಯಾಹ್ನ ಮೋಡ ಕವಿದು ಮಳೆ ಸುರಿದರೆ, ಅಥವಾ ಕರೆಂಟು ಹೋಗಿ ಏಸಿಯೇ ನಿಂತರೆ, ಮೂರು ವಾಕ್ಯಗಳನ್ನೂ ಬಿಟ್ಟು ಹೆಸರು ಹೇಳಿದ ಕೂಡಲೇ "ಗೋದಾಮಿನಲ್ಲಿರುವ ಬೀಜದ ಚೀಲಗಳು ಎದ್ದು ತಂಪು ಕೋಣೆಗೆ ಹೋಗಲಾರವು" ಎಂಬಲ್ಲಿಂದ ಆರಂಭಿಸಿ. ಆ ಮಾತಿಗೆ ಜೋಕಿನ ಊರುಗೋಲು ಬೇಕಾಗಿಲ್ಲ.