‘ರಾಜ್ಯವೂ ಬಲವೂ ಮಹಿಮೆಯೂ’ ಎಲ್ಲಿಂದ ಬಂತು?

ಪ್ರಶ್ನೆ: ನಾನು ಪ್ರಾಟೆಸ್ಟೆಂಟ್. ಗೆಳತಿಯ ಜತೆ ಕಥೋಲಿಕ ಚರ್ಚಿಗೆ ಹೋಗಿದ್ದೆ. ಕರ್ತನ ಪ್ರಾರ್ಥನೆಯಲ್ಲಿ ‘ಕೇಡಿನಿಂದ ರಕ್ಷಿಸು’ ಆದಮೇಲೆ ಎಲ್ಲರೂ ನಿಲ್ಲಿಸಿದರು, ನಾನೊಬ್ಬಳೇ ‘ರಾಜ್ಯವೂ ಬಲವೂ ಮಹಿಮೆಯೂ ಎಂದೆಂದಿಗೂ ನಿನ್ನವೇ’ ಎಂದು ಮುಂದುವರಿಸಿದೆ. ಕಥೋಲಿಕರು ಆ ಸಾಲನ್ನು ತೆಗೆದುಹಾಕಿದರಾ?

ಉತ್ತರ: ಇಲ್ಲ, ಅವರು ಏನನ್ನೂ ತೆಗೆದಿಲ್ಲ. ಅವರ ಕೈಗೆ ಬಂದ ಲ್ಯಾಟಿನ್ ಬೈಬಲಿನಲ್ಲಿ ಆ ಸಾಲು ಇರಲೇ ಇಲ್ಲ.

ಈ ಪ್ರಾರ್ಥನೆ ಮತ್ತಾಯ 6ರಲ್ಲೂ ಲೂಕ 11ರಲ್ಲೂ ಇದೆ. ನಿಮ್ಮ ಬೈಬಲಿನಲ್ಲೇ ಲೂಕನ ಭಾಗ ತೆಗೆದು ನೋಡಿ, ಅಲ್ಲಿ ಈ ಮುಕ್ತಾಯ ಸಿಗುವುದಿಲ್ಲ. ಪ್ರಶ್ನೆ ಇರುವುದು ಮತ್ತಾಯನಲ್ಲಿ ಮಾತ್ರ. 4ನೇ ಶತಮಾನದ ಎರಡು ದೊಡ್ಡ ಗ್ರೀಕ್ ಹಸ್ತಪ್ರತಿಗಳಾದ ಸಿನಾಯ್ಟಿಕಸ್ ಮತ್ತು ವ್ಯಾಟಿಕಾನಸ್‌ನಲ್ಲಿ ಮತ್ತಾಯನ ಪ್ರಾರ್ಥನೆಯೂ ‘ಕೇಡಿನಿಂದ ರಕ್ಷಿಸು’ ಎಂಬಲ್ಲಿಗೇ ಮುಗಿಯುತ್ತದೆ. ಅದಕ್ಕೂ ಮುಂಚೆ ಈ ಪ್ರಾರ್ಥನೆಗೆ ಸಾಲು ಸಾಲಾಗಿ ವಿವರಣೆ ಬರೆದ ತೆರ್ತುಲಿಯನ್, ಒರಿಜೆನ್, ಸಿಪ್ರಿಯನ್ ಮೂವರೂ ಈ ಸಾಲನ್ನು ವಿವರಿಸಿಲ್ಲ. ಮೂವರೂ ಮರೆತರು ಅನ್ನುವುದನ್ನು ನಂಬಲು ಕಷ್ಟ.

ಹಾಗಂತ ಇದು ಸುಮ್ನೆ ಯಾರೋ ಆಮೇಲೆ ಹುಟ್ಟಿಸಿದ್ದಲ್ಲ. ‘ದಿದಾಖೆ’ ಎಂಬ ತುಂಬ ಹಳೆಯ ಕ್ರೈಸ್ತ ಕೈಪಿಡಿ ಇದೆ. ಅದು ಈ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಿ ಅನ್ನುತ್ತದೆ. ಅಲ್ಲಿ ಮುಕ್ತಾಯ ಇದೆ, ಆದರೆ ‘ಬಲವೂ ಮಹಿಮೆಯೂ’ ಅಂತ ಮಾತ್ರ, ‘ರಾಜ್ಯ’ ಇಲ್ಲ. ಒಂದು ಹಳೆಯ ಸಿರಿಯಾಕ್ ಪ್ರತಿಯಲ್ಲಿ ‘ರಾಜ್ಯವೂ ಮಹಿಮೆಯೂ’ ಇದೆ, ‘ಬಲ’ ಇಲ್ಲ. ಒಂದು ಹಳೆಯ ಲ್ಯಾಟಿನ್ ಪ್ರತಿಯಲ್ಲಿ ‘ಬಲ’ ಒಂದೇ!

ನನಗೆ ಅತಿ ಮುಖ್ಯವಾದ ಸುಳಿವು ಇದೇ. ಮತ್ತಾಯನೇ ಬರೆದ ಸಾಲಾಗಿದ್ದರೆ ಪ್ರತಿಯಿಂದ ಪ್ರತಿಗೆ ಇಷ್ಟೊಂದು ಬದಲಾಗುತ್ತಿರಲಿಲ್ಲ, ಅಲ್ವಾ? ಜನ ಬಾಯಲ್ಲಿ ಹೇಳುತ್ತಿದ್ದ ಮಾತು ಮಾತ್ರ ಊರಿಗೊಂದು ರೂಪ ತಾಳುತ್ತದೆ. ಯೆಹೂದಿ ಪ್ರಾರ್ಥನೆಗಳನ್ನು ದೇವರ ಸ್ತುತಿಯಿಂದ ಮುಗಿಸುವ ರೂಢಿ ಇತ್ತು. 1 ಪೂರ್ವಕಾಲವೃತ್ತಾಂತ 29:11ರಲ್ಲಿ ದಾವೀದನ ಸ್ತುತಿ ಓದಿ, ಇದೇ ಪದಗಳು ಸಿಗುತ್ತವೆ. ಸಭೆಯಲ್ಲಿ ಹೇಳಿ ಹೇಳಿ ರೂಢಿಯಾದ ಮುಕ್ತಾಯವನ್ನು ಪ್ರತಿ ಮಾಡುವವರು ಮತ್ತಾಯನ ಪಠ್ಯಕ್ಕೂ ಸೇರಿಸಿದರು ಎಂಬುದೇ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಸುಮಾರು 400ರ ಹೊತ್ತಿನ ವಾಷಿಂಗ್ಟನ್ ಹಸ್ತಪ್ರತಿಯಲ್ಲಿ ಅದು ಆಗಲೇ ಇದೆ. ಮುಂದಿನ ಗ್ರೀಕ್ ಪ್ರತಿಗಳಲ್ಲಂತೂ ಬಹುಪಾಲು ಕಡೆ ಇದೆ.

ಪ್ರಾಟೆಸ್ಟೆಂಟರಿಗೆ ಅದು ಬಂದದ್ದು ಆ ಪ್ರತಿಗಳಿಂದಲೇ. 1516ರಲ್ಲಿ ಎರಾಸ್ಮಸ್ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದಾಗ ಅವರ ಕೈಯಲ್ಲಿದ್ದವು ಹೆಚ್ಚಾಗಿ ತಡವಾದ ಕಾಲದ ಪ್ರತಿಗಳು. ಸುಧಾರಕರ ಅನುವಾದಗಳು ಆ ಗ್ರೀಕ್ ಪಠ್ಯವನ್ನು ಹಿಡಿದವು. ಕಥೋಲಿಕರು ಲ್ಯಾಟಿನ್ ವುಲ್ಗಾತವನ್ನೇ ಓದುತ್ತಾ ಬಂದರು.

ಮುಂದಿನ ಸಲ ಗೆಳತಿಯ ಜತೆ ಪೂಜೆಗೆ ಹೋದರೆ, ಎಲ್ಲರೂ ನಿಲ್ಲಿಸಿದ ಮೇಲೆ ಸ್ವಲ್ಪ ತಾಳಿ. ಗುರುಗಳು ಒಂದು ಚಿಕ್ಕ ಬಿನ್ನಹ ಹೇಳುತ್ತಾರೆ. ಅದು ಮುಗಿದ ಕೂಡಲೇ ಇಡೀ ಸಭೆ ನಿಮ್ಮ ಸಾಲನ್ನೇ ಹೇಳುತ್ತದೆ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜಾವಿಧಿಯನ್ನು ಪರಿಷ್ಕರಿಸಿದಾಗ ಅದನ್ನು ಅಲ್ಲಿ ಸೇರಿಸಿದರು.