ಶೆಡ್ 33 ದಿನದಲ್ಲಿ ಮುಗಿಯುವ ಸಾಧ್ಯತೆ: 69% ಸರಿಯೋ, 82% ಸರಿಯೋ?

ಪ್ರಶ್ನೆ: ತಿಕೋಟಾ ಹತ್ರ ಹೊಲದಾಗ ಒಣದ್ರಾಕ್ಷಿ ಶೆಡ್ ಕಟ್ಟಸಾಕತ್ತೀವ್ರಿ. ಕೆಲಸ ಒಂದರ ಹಿಂದ ಒಂದು: ಪಾಯ 4, 6, 14 ದಿನ, ಕಬ್ಬಿಣದ ಚೌಕಟ್ಟು 6, 9, 18, ಮ್ಯಾಲಿನ ಶೀಟು 3, 4, 5, ರ್ಯಾಕ್ ಮತ್ತ ಜಾಳಿಗೆ 5, 8, 17. 33 ದಿನದೊಳಗ ಮುಗಿಯೋ ಸಾಧ್ಯತೆ ನನಗ 69% ಬಂತು, ತಮ್ಮ 82% ಅಂತಾನ. ಯಾವುದು ಖರೇ? ಕರೆಂಟ್ ಕನೆಕ್ಷನ್ (15, 27, 45) ಬಾಜೂಕ ನಡದೈತಿ, ಅದನ್ನ ಹಿಡಿದಿಲ್ಲ.

ಉತ್ತರ: ನೀವು ಹಿಡಿದ ನಾಲ್ಕು ಕೆಲಸಗಳ ಮಟ್ಟಿಗೆ ತಮ್ಮನ ಲೆಕ್ಕವೇ ಸರಿ. ನಿಮ್ಮದು ಎಲ್ಲಿ ತಪ್ಪಿತು ಅನ್ನೋದು 69 ಅನ್ನೋ ಸಂಖ್ಯೆಯಿಂದಲೇ ಗೊತ್ತಾಗುತ್ತದೆ.

```
te = (a + 4m + b) / 6
σ² = ((b - a) / 6)²
Z  = (T - Σte) / √(Σσ²)
```

`a` ಅಂದರೆ ಎಲ್ಲಾ ಸುಸೂತ್ರ ನಡೆದರೆ ಹಿಡಿಯುವ ದಿನ, `m` ಸಾಮಾನ್ಯವಾಗಿ ಹಿಡಿಯುವ ದಿನ, `b` ಎಲ್ಲಾ ಎಡವಟ್ಟಾದರೆ ಹಿಡಿಯುವ ದಿನ. `te` ಅಂದರೆ ಈ ಮೂರರಿಂದ ಬರುವ ಸರಾಸರಿ ದಿನ, `σ` ದಿನಗಳು ಎಷ್ಟು ಏರಿಳಿಯಬಹುದು ಅನ್ನೋ ಅಳತೆ, `T` ನಿಮ್ಮ ಗಡುವು, ಇಲ್ಲಿ 33. `Z` ಅಂದರೆ ಗಡುವು ಸರಾಸರಿಯಿಂದ ಎಷ್ಟು `σ` ದೂರ ಇದೆ ಅನ್ನೋದು; ಅದನ್ನು ನಾರ್ಮಲ್ ಟೇಬಲ್‌ನಲ್ಲಿ ನೋಡಿದರೆ ಸಾಧ್ಯತೆ ಸಿಗುತ್ತದೆ. ಪಾಯಕ್ಕೆ (4 + 24 + 14) / 6 = 7 ದಿನ. ಹೀಗೇ ಚೌಕಟ್ಟಿಗೆ 10, ಶೀಟಿಗೆ 4, ರ್ಯಾಕಿಗೆ 9. ಒಟ್ಟು 30. ಬರೀ `m` ಕೂಡಿಸಿದರೆ 27 ಬರುತ್ತದೆ. ಆ ಮೂರು ದಿನ ಎಲ್ಲಿಂದ ಬಂತು ಅಂದರೆ, ಕೆಲಸ ಬೇಗ ಮುಗಿಯೋದಕ್ಕೆ ಮಿತಿ ಇದೆ, ತಡ ಆಗೋದಕ್ಕೆ ಅಷ್ಟು ಮಿತಿ ಇಲ್ಲ. ಪಾಯ ಎರಡು ದಿನ ಮೊದಲು ಮುಗಿಯಬಹುದು; ಆದರೆ ಕೆಳಗೆ ಗಟ್ಟಿ ಕಲ್ಲು ಹತ್ತಿದರೆ ಎಂಟು ದಿನ ಹಿಂದೆ ಬೀಳುತ್ತದೆ. ಗೌಂಡಿ ಹೇಳುವ 27 ದಿನದಲ್ಲಿ ಮುಗಿಯುವ ಸಾಧ್ಯತೆ 18% ಮಾತ್ರ.

ಈಗ ನಿಮ್ಮ ತಪ್ಪಿನ ಜಾಗ. ನಾಲ್ಕು ಕೆಲಸಗಳ σ ಕ್ರಮವಾಗಿ 1.67, 2, 0.33, 2. ನೀವು ಇವನ್ನೇ ನೇರ ಕೂಡಿಸಿ 6 ಮಾಡಿದ್ದೀರಿ; Z = 3/6 = 0.5, ಅದಕ್ಕೇ 69%. σ ಕೂಡಿಸಬಾರದು, ಅದರ ವರ್ಗ, ಅಂದರೆ ವೇರಿಯನ್ಸ್, ಕೂಡಿಸಬೇಕು: 2.78 + 4 + 0.11 + 4 = 10.89. ಇದರ ವರ್ಗಮೂಲ 3.3. ಆಗ Z = 3/3.3 = 0.91, ಸಾಧ್ಯತೆ 82%. ಟೇಬಲ್ ಹುಡುಕುವ ಬದಲು ಎಕ್ಸೆಲ್‌ನಲ್ಲಿ `=NORM.DIST(33,30,3.3,TRUE)` ಹೊಡೆಯಿರಿ.

σ ನೇರ ಕೂಡಿಸೋದು ಅಂದರೆ, ಪಾಯ ತಡವಾದ ಸಲವೆಲ್ಲ ಚೌಕಟ್ಟೂ ರ್ಯಾಕೂ ಅಷ್ಟೇ ತಡವಾಗುತ್ತವೆ ಅಂತ ಒಪ್ಪಿಕೊಂಡಂತೆ. ಸಾಮಾನ್ಯವಾಗಿ ಒಂದರ ತಡವನ್ನು ಇನ್ನೊಂದರ ಬೇಗ ಸ್ವಲ್ಪ ತಿನ್ನುತ್ತದೆ. ಆದರೆ ಇಲ್ಲೊಂದು ಮಾತು: ಚೌಕಟ್ಟು, ರ್ಯಾಕ್ ಎರಡನ್ನೂ ಒಬ್ಬನೇ ವೆಲ್ಡಿಂಗ್‌ನವನಿಗೆ ಕೊಟ್ಟಿದ್ದೀರಾ? ಅವನು ಇನ್ನೊಬ್ಬರ ಕೆಲಸ ಹಿಡಿದು ಹೋದರೆ ಎರಡೂ ಒಟ್ಟಿಗೇ ನಿಲ್ಲುತ್ತವೆ. ಪೂರಾ ಒಟ್ಟಿಗೇ ಏರಿಳಿಯುತ್ತವೆ ಅಂತ ಹಿಡಿದರೆ ಆ ಎರಡರ ವೇರಿಯನ್ಸ್ 8 ಅಲ್ಲ, (2 + 2)² = 16. ಒಟ್ಟು ಸುಮಾರು 18.9, σ 4.35, ಸಾಧ್ಯತೆ 75%ಕ್ಕೆ ಇಳಿಯುತ್ತದೆ.

ಇನ್ನು ಕರೆಂಟ್. ಅದರ `te` 28, ಶೆಡ್‌ನ 30ಕ್ಕಿಂತ ಕಡಿಮೆ. ಹಾಗಾಗಿ ಅದು ಕ್ರಿಟಿಕಲ್ ಪಾಥ್, ಅಂದರೆ ಒಟ್ಟು ದಿನ ನಿರ್ಧರಿಸುವ ಅತಿ ಉದ್ದದ ದಾರಿ, ಅಲ್ಲ ಅಂತ ಬಿಡುವವರೇ ಹೆಚ್ಚು. ಆದರೆ ಅದರ σ 5 ಇದೆ. 33 ದಿನದಲ್ಲಿ ಬರುವ ಸಾಧ್ಯತೆ Z = 5/5 = 1, ಅಂದರೆ 84%. ದ್ರಾಕ್ಷಿ ಒಳಗೆ ಹಾಕಲು ಎರಡೂ ಆಗಿರಬೇಕು, ಆದ್ದರಿಂದ ಗುಣಿಸಿ (ನಾಲ್ಕೂ ಕೆಲಸ, ಕರೆಂಟ್ ಎಲ್ಲವೂ ಬಿಡಿಬಿಡಿ ಅಂತ ಹಿಡಿದು): 0.82 × 0.84 = 0.69.

ಹೌದು, ಮತ್ತೆ 69! ಇದು ಬರೀ ಕಾಕತಾಳೀಯ, ನಿಮ್ಮ ವಿಧಾನ ಸರಿ ಅಂದುಕೊಳ್ಳಬೇಡಿ. 36 ದಿನಕ್ಕೆ ಹಾಕಿ ನೋಡಿ: ನಿಮ್ಮ ವಿಧಾನ 84% ಅನ್ನುತ್ತದೆ, ಎರಡೂ ದಾರಿ ಹಿಡಿದ ಸರಿಯಾದ ಲೆಕ್ಕ 91% ಕೊಡುತ್ತದೆ.

ಇದೆಲ್ಲ ನಿಲ್ಲೋದು `b` ಮೇಲೆ. ಗೌಂಡಿಯನ್ನು «ಎಷ್ಟು ದಿನ ಆಗ್ತದ?» ಅಂತ ಮೊದಲೇ ಕೇಳಿದರೆ ಒಂದು ಸಂಖ್ಯೆ ಬಾಯಿಗೆ ಬರುತ್ತದೆ, ಆಮೇಲೆ ಉಳಿದೆರಡನ್ನೂ ಅದರ ಅಕ್ಕಪಕ್ಕವೇ ಹೇಳುತ್ತಾನೆ. ನಾನಾದರೆ `b` ಮೊದಲು ಕೇಳುತ್ತೇನೆ: «ಹಿಂದ ಮಾಡಿದ್ರಾಗ ಭಾಳ ತಡ ಆಗಿದ್ದು ಎಷ್ಟು ದಿನ, ಯಾಕ?» ಕಾರಣ ಹೇಳಲಾಗದ `b` ನಂಬಬೇಡಿ. ನಿಮ್ಮ ಶೀಟಿನ 3, 4, 5 ನನಗೆ ಅನುಮಾನವೇ. ಗಾಳಿ ಜೋರಾದರೆ ಮೇಲೆ ಹತ್ತೋರು ಯಾರು? ಅದು 3, 4, 11 ಆದರೆ `te` 5 ಆಗುತ್ತದೆ, ಒಟ್ಟು 31, σ 3.54, ಶೆಡ್‌ನ 82% ಇಳಿದು 71% ಆಗುತ್ತದೆ.

33ನೇ ದಿನ ತಪ್ಪಿಸಲಾಗದ್ದು ಅಂತಿದ್ದರೆ, ಕೊಯ್ಲಿನ ವಾರಕ್ಕೆ ಜನರೇಟರ್ ಬಾಡಿಗೆಗೆ ಮಾತಾಡಿಡಿ. ಆಗ ಕರೆಂಟಿನ ದಾರಿ ಲೆಕ್ಕದಿಂದಲೇ ಬಿದ್ದುಹೋಗಿ, ಉಳಿಯೋದು ಶೆಡ್‌ನ ಸಂಖ್ಯೆ ಮಾತ್ರ.